ಹೇಗೋ ನಡೆಯುತ್ತಿದ್ದ ಯಂತ್ರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸ್ಟೀಮ್ ಸಿಸ್ಟರ್ ಎನ್ನುತ್ತಿದ್ದರು. ಆಪರೇಷನ್ನಿನ ಕತ್ತರಿ, ಇಕ್ಕಳ, ಬಟ್ಟೆಗಳನ್ನು ಹಬೆಯ ಒತ್ತಡದಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಕೋಣೆ ಅವಳದು. ಕೂತಲ್ಲಿ ಕೂರುವ ಹೆಂಗಸಲ್ಲ. 'ನನ್ನ ಸೊಸೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು' ಎಂದು ಅತ್ತೆ ಹೇಳುತ್ತಿದ್ದುದು ಹೊಗಳಿಕೆಯೋ ಬೈಗುಳವೋ, ಮಗನಿಗೂ ತಿಳಿದಿರಲಿಲ್ಲ.

ಆ ವಾರವಂತೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಸ ಆಟೋಕ್ಲೇವಿನ ಬೇಡಿಕೆ ಪತ್ರ ಶುಕ್ರವಾರ ಖರೀದಿ ಸಮಿತಿಯ ಮುಂದೆ ಹೋಗಬೇಕಿತ್ತು. ವರ್ಷದ ಕೊನೆಯ ಸಭೆ ಅದು. ಒಂದು ಆಕ್ಷೇಪಣೆ ಬರೆದು ವಾಪಸ್ ಕಳಿಸಿದರೂ ಈ ವರ್ಷದ ಅನುದಾನ ಕೈತಪ್ಪುತ್ತಿತ್ತು.

ಸ್ಟೋರ್ ಕೀಪರ್ ಅವಳ ಕರಡು ಓದಿದ. ಅವಳು ಬಜೆಟ್ಟಿನ ರಿಪೇರಿ ಶೀರ್ಷಿಕೆಯಲ್ಲಿ ಹಣ ಕೇಳಿದ್ದಳು. ಹೊಸ ಯಂತ್ರಕ್ಕೆ ಯಂತ್ರೋಪಕರಣ ಶೀರ್ಷಿಕೆಯೇ ಆಗಬೇಕು, ಅದರಲ್ಲಿ ಹಣ ಉಳಿದಿದೆಯೆಂದು ಲೆಕ್ಕಪತ್ರ ಶಾಖೆಯವರು ಸಹಿ ಹಾಕಬೇಕು ಎಂದ. ತಾಂತ್ರಿಕ ವಿವರವನ್ನು ಅವಳು ಒಂದು ಕಂಪನಿಯ ಕರಪತ್ರದಿಂದ ಹಾಗೇ ಇಳಿಸಿದ್ದಳು. ಒಂದೇ ಕಂಪನಿಗೆ ಹೊಂದುವ ಅಳತೆ ಕಂಡರೆ ಸಮಿತಿ ಮೂಗು ಮುರಿಯುತ್ತದೆಂದು ಅದನ್ನೂ ಹೊಡೆದುಹಾಕಿದ. ಒಳಗಿನ ಅಳತೆ, ಶಾಖ, ಒತ್ತಡ, ಸುರಕ್ಷತಾ ವಾಲ್ವ್, ಪ್ರತಿ ಸಲದ ಮುದ್ರಿತ ದಾಖಲೆ, ವಾರಂಟಿ, ಇಷ್ಟನ್ನು ಹಲವು ಕಂಪನಿಗಳು ಒದಗಿಸಬಹುದಾದಂತೆ ಬರೆದರೆ ಸಾಕೆಂದ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಸಮರ್ಥನೆಯ ಪುಟಕ್ಕೆ ಬಂದಾಗ ಅವನು ಕನ್ನಡಕ ತೆಗೆದ.

"ಇಷ್ಟು ಹಳೇ ಯಂತ್ರ ಇದ್ರೂ ಒಂದು ಆಪರೇಷನ್ನೂ ನಿಂತಿಲ್ಲ ಅಂತ ಬರ್ದಿದೀರಲ್ಲ ಸಿಸ್ಟರ್. ಇದನ್ನ ಓದಿದ್ರೆ ನಾನೇ ಹೊಸದು ಕೊಡಲ್ಲ."

ಅವಳಿಗೆ ಮೈ ಉರಿಯಿತು. ನಿಲ್ಲದಂತೆ ನೋಡಿಕೊಂಡದ್ದೇ ಅವಳ ಹೆಮ್ಮೆ. ಸಾಮಾನಿನ ಜೊತೆ ಒಳಗಿಟ್ಟ ಪರೀಕ್ಷಾ ಪಟ್ಟಿಯ ಬಣ್ಣ, ಶಾಖ ಸಾಲದೆ, ಬದಲಾಗದಿದ್ದರೆ ಇಡೀ ಸಾಮಾನನ್ನು ಮತ್ತೊಮ್ಮೆ ಹಬೆಗಿಡುತ್ತಿದ್ದಳು, ಅದಕ್ಕೆಂದೇ ಬೆಳಕು ಹರಿಯುವ ಮೊದಲೇ ಬರುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಕೆಟ್ಟ ಯಂತ್ರವನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ತನ್ನ ಕುತ್ತಿಗೆಗೇ ಬರುತ್ತದೆಂದು ಭಯ.

ಮನೆಯಲ್ಲಿ ಊಟ ಸೇರಲಿಲ್ಲ. ಎದ್ದಳು, ಕೂತಳು, ಒಗೆದ ಬಟ್ಟೆಯನ್ನೇ ಮತ್ತೆ ಮಡಚಿದಳು. ಕೊನೆಗೆ ಆದದ್ದಾಗಲಿ ಎಂದು ಸಮರ್ಥನೆಯ ಪುಟವನ್ನು ಹೊಸದಾಗಿ ಬರೆದಳು: ಯಾವ ತಿಂಗಳಲ್ಲಿ ಎಷ್ಟು ಸಲ ವಿಫಲ, ಎಷ್ಟು ಸಲ ಮರುಶುದ್ಧಿ. ಬಿಡಿಭಾಗ ಸಿಗುವುದಿಲ್ಲವೆಂಬ ಇಂಜಿನಿಯರರ ವರದಿಯನ್ನೂ ಲಗತ್ತಿಸಿದಳು.

ಶುಕ್ರವಾರ ಸಮಿತಿಯ ಬಾಗಿಲ ಹೊರಗೆ ಶತಪಥ ಹಾಕಿದಳು. ಕರೆಸಿದಾಗ ಒಳಗೆ ಹೋಗಿ ನಿಂತಳು. ಮುಚ್ಚಿಟ್ಟದ್ದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಅಧ್ಯಕ್ಷೆ ಸಹಿ ಹಾಕಿ, ಹಳೆಯದನ್ನು ಇವತ್ತೇ ನಿಲ್ಲಿಸಿ, ಹೊಸದು ಬರುವವರೆಗೆ ಸಾಮಾನು ಪಕ್ಕದ ಆಸ್ಪತ್ರೆಯಲ್ಲಿ ಶುದ್ಧವಾಗಲಿ ಎಂದರು. ಆಮೇಲೆ ಪತ್ರ ಮಡಚುತ್ತಾ ಕೇಳಿದರು.

"ಹೋದ ವರ್ಷ ಇದೇ ಶೀರ್ಷಿಕೆಯಲ್ಲಿ ಹಣ ಉಳಿದು ವಾಪಸ್ ಹೋಯ್ತಲ್ಲ ಸಿಸ್ಟರ್. ಆಗ ಯಾಕೆ ಕೇಳ್ಲಿಲ್ಲ?"

ಅವಳು ನಮಸ್ಕರಿಸಿ ಹೊರಬಂದಳು. ಗೆದ್ದು ಬಂದವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಸಂತೋಷವಾಗಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷದ ನಿದ್ದೆಯನ್ನು ತಾನೇ ತನ್ನ ಕೈಯಾರೆ ಹಾಳುಮಾಡಿಕೊಂಡೆನಲ್ಲ ಎಂದು ಅಳು ಬಂತು.