ಯೆಸೆನಿಯಾ ಬರ್ತಾಳೆ
ಚಿಲಿ ದೇಶದ ಸಾಂತಿಯಾಗೊ ನಗರದ ಅಂಚಿನ ಕಿಲಿಕುರಾದಲ್ಲಿ, ಎಲ್ಲರೂ ಗೌರವದಿಂದ "ದೋನ್ಯಾ" ಎನ್ನುವ ಎಲ್ಬಾ ಅವರ ಬಾಗಿಲನ್ನು ರೋಸ್‌ಮೆನ್ ಎಂದೂ ತಟ್ಟಿದವಳಲ್ಲ. ಹೊರಗೆ ನಿಂತು "ಓನೆ" ಎಂದು ಕೂಗುತ್ತಿದ್ದಳು, ಮಾನ ಎಂದರ್ಥ. ಒಳಗಿನವರು "ರೆಸ್ಪೆ", ಅಂದರೆ ಮರ್ಯಾದೆ, ಎಂದ ಮೇಲೆಯೇ ಹೊಸಿಲು ದಾಟುವುದು ಅವಳ ಹೈಟಿಯ ಪದ್ಧತಿ. ಎಲ್ಬಾ ಅದನ್ನು ಕಲಿತು, ಒಲೆಯ ಮುಂದಿನಿಂದಲೇ "ರೆಸ್ಪೆ" ಎನ್ನುತ್ತಿದ್ದರು. ಹಾಗೆನ್ನುವುದು ಅವರಿಗೆ ಬಲು ಖುಷಿ.

ಎಲ್ಬಾ ಮೂವತ್ತೊಂದು ವರ್ಷ ಒಂದು ಶಾಲೆಯ ಕಚೇರಿಯಲ್ಲಿ ಹೆಡ್‌ಮಾಸ್ತರರ ಪತ್ರಗಳನ್ನು ಬರೆದವರು. ನಿವೃತ್ತಿಯಾದ ಮೇಲೆ ಕೇರಿಯ ಹೈಟಿ ಹೆಂಗಸರ ಸ್ಪ್ಯಾನಿಷ್ ಸಂದೇಶಗಳೆಲ್ಲ ಅವರ ಕೈಯಲ್ಲೇ ತಲೆ ಬಾಚಿಸಿಕೊಂಡು ಹೋಗುತ್ತಿದ್ದವು. ಅತಿ ವಿನಯ ಧೂರ್ತ ಲಕ್ಷಣ ಎನ್ನುತ್ತಾರೆ. ಎಲ್ಬಾ ಅವರಲ್ಲಿ ಧೂರ್ತತನ ಎಳ್ಳಷ್ಟೂ ಇರಲಿಲ್ಲ, ಇದ್ದದ್ದು ಅಭ್ಯಾಸ.

ಆ ಬುಧವಾರ ರೋಸ್‌ಮೆನ್ ಫೋನು ಮುಂದಿಟ್ಟಳು. ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಪಾಳಿಯ ಪಟ್ಟಿ ಮಾಡುವ ಪಾವ್ಲಿನಾ ಮೇಡಂಗೆ ಅವಳೇ ಬರೆದಿದ್ದ ಸಂದೇಶ ಹೀಗಿತ್ತು: "ಭಾನುವಾರ ಬೆಳಿಗ್ಗೆ ನಾನು ಬರಲ್ಲ. ಹೈಟಿಲಿ ನಮ್ಮೂರ ಚರ್ಚಲ್ಲಿ ಮಗಳಿಗೆ ಮೊದಲ ಪರಮಪ್ರಸಾದ, ಹತ್ತು ಗಂಟೆಗೆ ಫೋನಲ್ಲಿ ನೋಡ್ಬೇಕು. ನನ್ನ ಬದಲು ಯೆಸೆನಿಯಾ ಬರ್ತಾಳೆ, ಒಪ್ಪಿದಾಳೆ. ಅವಳ ಮಧ್ಯಾಹ್ನದ ಪಾಳಿ ನಾನು ಮಾಡ್ತೀನಿ."

"ಇದೇನೇ ಹುಡುಗಿ, ಮೇಡಂಗೇ ಅಪ್ಪಣೆ ಕೊಟ್ಟಂಗಿದೆಯಲ್ಲ," ಎಂದು ಎಲ್ಬಾ ನಕ್ಕರು.

"ಅದಕ್ಕೇ ತಂದೆ ದೋನ್ಯಾ. ಮರ್ಯಾದೆ ಬರೋ ಹಂಗೆ ಮಾಡ್ಕೊಡಿ. ವಿಡ್ಲೀನ್‌ನ ಬಿಟ್ಟು ಬಂದಾಗ ಅವಳಿಗೆ ನಾಲ್ಕು ವರ್ಷ. ಇದೊಂದು ನಾನು ನೋಡ್ಲೇಬೇಕು."

ಎಲ್ಬಾ ಕನ್ನಡಕ ಏರಿಸಿದರು. "ಬರಲ್ಲ" ಹೋಯಿತು. ಮನೆಯ ಮಾತು ಮೇಲಿನವರ ಕಿವಿಗೇಕೆ ಎಂದು ಮಗಳ ವಿಷಯ ಹೋಗಿ "ಕೌಟುಂಬಿಕ ಕಾರಣ" ಬಂತು. ಯೆಸೆನಿಯಾಳ ಸಾಲಿನ ಮೇಲೆ ಬೆರಳು ತುಸು ತಡೆಯಿತು. ಕೇಳುವ ಮೊದಲೇ ಇವರಿವರೇ ತೀರ್ಮಾನಿಸಿಕೊಂಡರೆ ಮೇಲಿನವರಿಗೆ ಏನು ಬೆಲೆ? ಅದನ್ನೂ ಅಳಿಸಿದರು. ಕೊನೆಗೆ "ತಮ್ಮ ಕೆಲಸಕ್ಕೆ ಅಡ್ಡಿಯಾಗದಿದ್ದಲ್ಲಿ, ನನ್ನ ಭಾನುವಾರದ ಪಾಳಿ ಬದಲಿಸುವ ಸಾಧ್ಯತೆಯನ್ನು ದಯವಿಟ್ಟು ಪರಿಶೀಲಿಸಬೇಕಾಗಿ ಕೋರುತ್ತೇನೆ" ಎಂದು ಮುಗಿಸಿ, ಗಟ್ಟಿಯಾಗಿ ಓದಿದರು. ಅರ್ಧವೂ ಅರ್ಥವಾಗದ ರೋಸ್‌ಮೆನ್ "ಪಾದ್ರಿ ಓದ್ದಂಗಿದೆ" ಎಂದು ಕಳಿಸಿಬಿಟ್ಟಳು.

ಮರುದಿನ ಉತ್ತರ ಬಂತು: "ನಿಮ್ಮ ಸಂದೇಶಕ್ಕೆ ಧನ್ಯವಾದ. ಈ ಭಾನುವಾರ ಆಗುವುದಿಲ್ಲ. ಮುಂದಿನ ಪಟ್ಟಿ ಮಾಡುವಾಗ ನೋಡೋಣ."

"ಇನ್ನೊಂದ್ಸಲ ಕೇಳ್ಲಾ?"

"ಬೇಡಮ್ಮ. ಪೀಡಿಸಿದ್ರೆ ಚೆನ್ನಾಗಿರಲ್ಲ," ಎಂದರು ಎಲ್ಬಾ. ಆ ಮಾತನ್ನು ನುಂಗಿಕೊಂಡಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಈಗಲೂ ಅವರಿಗೆ ಅನಿಸುತ್ತದೆ.

ಹೋಟೆಲಿನಲ್ಲಿ ಕೆಲಸದ ಹೊತ್ತು ಫೋನು ಬೀರುವಿನೊಳಗೆ. ಹಾಗಾಗಿ ಭಾನುವಾರ ರೋಸ್‌ಮೆನ್‌ಳ ತಂಗಿ ಊರಿನಿಂದ ಎಲ್ಬಾ ಅವರಿಗೇ ವಿಡಿಯೊ ಕರೆ ಮಾಡಿದಳು. "ನನ್ನ ಬದಲು ನೀವು ನೋಡಿ," ಎಂದು ಹೇಳಿಹೋಗಿದ್ದಳು ರೋಸ್‌ಮೆನ್. ಎಲ್ಬಾ ಒಳ್ಳೆಯ ಅಂಗಿ ತೊಟ್ಟು ಅಡುಗೆಮನೆಯಲ್ಲಿ ಕೂತರು. ಬಿಳಿ ಉಡುಪು, ಬಿಳಿ ಮುಸುಕು, ಬಿಳಿ ಕೈಚೀಲದ ಹುಡುಗಿಯರು ಸಾಲಾಗಿ ನಡೆದರು. ಪೂಜೆ ಮುಗಿದದ್ದೇ ಅವರಲ್ಲೊಬ್ಬಳು ಓಡಿಬಂದು ಫೋನಿಗೆ ಮುಖ ಒಡ್ಡಿದಳು. ಎಲ್ಬಾ ಅವರನ್ನು ಕಂಡು ನಗು ನಿಂತಿತು. ಅವರ ಹೆಗಲಾಚೆ ಇಣುಕಿ ಹುಡುಕುತ್ತ "ಮಮಾ?" ಎಂದಳು.

"ಚೆಂದ ಕಾಣ್ತೀಯ ಪುಟ್ಟಿ," ಎಂದರು ಎಲ್ಬಾ ತಮ್ಮ ಸ್ಪ್ಯಾನಿಷಿನಲ್ಲಿ. ಮಗು ಏನೂ ತಿಳಿಯದೆ ಚಿಕ್ಕಮ್ಮನ ಕೈಗೆ ಫೋನು ಕೊಟ್ಟು ಹೋಯಿತು.

ಸಂಜೆ ರೋಸ್‌ಮೆನ್ ಬಂದಳು. ಕೂರಲಿಲ್ಲ.

"ಯೆಸೆನಿಯಾ ಒಪ್ಪಿದ್ದು ಇವತ್ತು ಗೊತ್ತಾಗಿ ಮೇಡಂ ಬೈದ್ರು. 'ಯೆಸೆನಿಯಾ ಬರ್ತಾಳೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು? ಎರಡು ಹೆಸರು ಅದಲು ಬದಲು ಮಾಡೋಕೆ ನಂಗೆ ಒಂದು ನಿಮಿಷ ಸಾಕಿತ್ತು. ಬದಲಿ ಜನ ನಾನು ಹುಡುಕೋದಾದ್ರೆ ಆಗಲ್ಲ, ಅಷ್ಟೇ' ಅಂದ್ರು. ನಾನು ಬರ್ದಿದ್ನಲ್ಲ ದೋನ್ಯಾ?"

ಸುಳ್ಳು ಹೇಳಬಹುದಿತ್ತು. ಎಲ್ಬಾ ಹೇಳಲಿಲ್ಲ. "ನೀನು ಬರ್ದಿದ್ದೆ. ನಾನೇ ತೆಗೆದೆ."

"ಯಾಕೆ?"

"ಮರ್ಯಾದೆ ಅಲ್ಲ ಅನ್ನಿಸ್ತು."

ರೋಸ್‌ಮೆನ್ ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ನನ್ನ ಮಗು ಏನಾದ್ರೂ ಹೇಳ್ತಾ?"

"ನಿನ್ನ ಕರೀತು," ಎಂದರು ಎಲ್ಬಾ.

ಮೂರು ವಾರ ಅವಳ ಸುಳಿವಿಲ್ಲ. ಆಮೇಲೊಂದು ಮಧ್ಯಾಹ್ನ ಬಾಗಿಲಲ್ಲಿ ಸಪ್ಪಳವಾಯಿತು. ಎಲ್ಬಾ ಅವರ ತಟ್ಟೆಯೊಂದು ಅವಳಲ್ಲೇ ಉಳಿದಿತ್ತು, ತೊಳೆದು ಹಿಂತಿರುಗಿಸಲು ಬಂದಿದ್ದಳು. ಒಲೆಯ ಮುಂದೆ ನಿಂತ ಎಲ್ಬಾ "ರೆಸ್ಪೆ" ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಹೊರಗಿನಿಂದ ಯಾರೂ "ಓನೆ" ಎಂದಿರಲಿಲ್ಲ. ರೋಸ್‌ಮೆನ್ ಬಾಗಿಲು ತಟ್ಟುತ್ತಿದ್ದಳು.