ಒಂದೇ ಸಭೆ, ಎರಡು ನಡವಳಿ

ನಾನು ಬರೆದದ್ದು ಸುಳ್ಳು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗೆ ಹೇಳುವವರು ದನಿ ಏರಿಸದೆ, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರಂತೂ ಇನ್ನೂ ಜಾಸ್ತಿ. ಕೊಟ್ಟೂರು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು, ಪಕ್ಕದೂರಿನ ಶಾಲೆಯ ಹೆಡ್ ಮಾಸ್ಟರು ನನ್ನ ಹಾಳೆ ಓದಿ, "ಮೇಡಂ, ಇದು ನಡದೇ ಇಲ್ಲಲ್ರಿ" ಎಂದಾಗ ಆದದ್ದು ಅದೇ.

ನಾನಾಗ ಕೊಟ್ಟೂರಿನ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ಶಿಕ್ಷಕಿ. ಮಕ್ಕಳು ಕಡಿಮೆಯಾಗುತ್ತ ಬಂದು, ನಮ್ಮ ಶಾಲೆಯನ್ನು ಅವರ ದೊಡ್ಡ ಶಾಲೆಗೆ ಸೇರಿಸುವುದೆಂದು ಆಗಿತ್ತು. ಬೆಂಚು, ಬೀರು, ಮಕ್ಕಳ ದಾಖಲೆ, ಹೋಗಿಬರುವ ದಾರಿ ಇವನ್ನೆಲ್ಲ ಮಾತಾಡಿಕೊಳ್ಳಲು ಎರಡೂ ಶಾಲೆಗಳ ಅಭಿವೃದ್ಧಿ ಸಮಿತಿಗಳು ನಮ್ಮ ಶಾಲೆಯ ಬೇವಿನ ಮರದಡಿ ಜಂಟಿ ಸಭೆ ಸೇರಿದವು. ಒಬ್ಬರ ಬರವಣಿಗೆಯನ್ನು ಇನ್ನೊಬ್ಬರು ನಂಬುವುದು ಬೇಡ ಎಂದು ಸಭೆಯಲ್ಲಿ ನಡೆದದ್ದನ್ನು ನಮ್ಮ ಕಡೆಯಿಂದ ನಾನು ಬರೆದುಕೊಂಡೆ, ಅವರ ಕಡೆಯಿಂದ ಹೆಡ್ ಮಾಸ್ಟರು. ಆದರೆ ಮೇಲಿನ ಕಚೇರಿಗೆ ಬೇಕಾದದ್ದು ಒಂದೇ ನಡವಳಿ, ಇಬ್ಬರೂ ಅಧ್ಯಕ್ಷರ ಸಹಿಯೊಂದಿಗೆ. ಹೆಡ್ ಮಾಸ್ಟರು ಹರಪನಹಳ್ಳಿಯಿಂದ ರೈಲಿನಲ್ಲಿ ಓಡಾಡುವವರಾದ್ದರಿಂದ, ಗಾಡಿ ಬರುವವರೆಗೆ ನಿಲ್ದಾಣದಲ್ಲೇ ಕೂತು ಎರಡನ್ನೂ ಒಂದು ಮಾಡೋಣ ಎಂದಿದ್ದರು.

ಅವರು ನಡೆದೇ ಇಲ್ಲ ಎಂದದ್ದು ನಮ್ಮ ಅಡುಗೆ ಅಕ್ಕನ ವಿಷಯ. ಅಕ್ಕ ಬಹಳ ವರ್ಷದಿಂದ ನಮ್ಮ ಶಾಲೆಯ ಬಿಸಿಯೂಟ ಮಾಡುತ್ತಿದ್ದವಳು. ಶಾಲೆ ಮುಚ್ಚಿದರೆ ಅವಳ ಕೆಲಸವೂ ಮುಚ್ಚಿದಂತೆ. ನಮ್ಮ ಮಕ್ಕಳು ಸೇರಿದರೆ ದೊಡ್ಡ ಶಾಲೆಗೆ ಇನ್ನೊಬ್ಬ ಅಡುಗೆಯವರು ಬೇಕಾಗುತ್ತಿತ್ತು. ಆ ಜಾಗ ಅಕ್ಕನಿಗೋ, ಆ ಊರಿನ ಬೇರೆ ಹೆಂಗಸಿಗೋ ಎಂಬುದೇ ಪ್ರಶ್ನೆ. ನನ್ನ ಹಾಳೆಯಲ್ಲಿ, "ಅಕ್ಕನನ್ನೇ ತೆಗೆದುಕೊಳ್ಳಲು ಸರ್ವಾನುಮತದಿಂದ ತೀರ್ಮಾನ. ನಂತರ ವಂದನಾರ್ಪಣೆ" ಎಂದಿತ್ತು. ಅವರ ಹಾಳೆಯಲ್ಲಿ, "ಅಡುಗೆಯವರ ವಿಷಯ ಚರ್ಚೆಗೆ ಬರಲಿಲ್ಲ. ವಂದನಾರ್ಪಣೆ. ಸಭೆ ಮುಕ್ತಾಯ" ಎಂದಿತ್ತು.

"ಸರ್, ನೀವು ನಿದ್ದಿ ಮಾಡಿದ್ರೇನ್ರಿ?" ಎಂದೆ.

"ಇಲ್ರಿ. ಬರಕಂತ ಕುಂತಿದ್ದೆ. ನೀವು?"

ಜಗಳಕ್ಕೆ ಅವರು ಸಿಗಲಿಲ್ಲ. ಮೂರನೆಯದೊಂದು ಖಾಲಿ ಹಾಳೆ ತೆಗೆದು ನಡುವೆ ಇಟ್ಟರು. ಇಬ್ಬರ ಹಾಳೆಯ ಮೇಲೂ ಇನ್ನು ಒಂದು ಗೆರೆ ಎಳೆಯಬಾರದು, ತಿದ್ದುವುದೇನಿದ್ದರೂ ಈ ಮೂರನೆಯದರಲ್ಲಿ ಎಂದರು. ಆಮೇಲೆ ವಿಷಯ ಒಂದೊಂದಾಗಿ ತೆಗೆದುಕೊಂಡೆವು. ಬೆಂಚುಗಳ ವಿಷಯ ಇಬ್ಬರದೂ ಒಂದೇ. ಬೀರುವಿನದು ಒಂದೇ. ದಾರಿಯ ವಿಷಯದಲ್ಲಿ ಅವರು "ಆಟೋ ಗೊತ್ತುಮಾಡುವುದು" ಎಂದು ಬರೆದಿದ್ದರು, ನಾನು "ಆಟೋ ವಿಚಾರಿಸುವುದು" ಎಂದು. ಯಾರು ಹೇಳಿದರು, ಯಾರು ಒಪ್ಪಿದರು ಎಂದು ನೆನಪಿಸಿಕೊಂಡಾಗ, ವಿಚಾರಿಸಿ ಹೇಳುತ್ತೇನೆ ಎಂದಷ್ಟೇ ನಮ್ಮ ಅಧ್ಯಕ್ಷರು ಅಂದದ್ದು ಅವರಿಗೂ ನೆನಪಾಯಿತು. ಒಬ್ಬರು ಆಡಿದ ಮಾತು ಬೇರೆ, ಸಭೆ ಮಾಡಿದ ತೀರ್ಮಾನ ಬೇರೆ ಎಂದು ಹೇಳಿ ಅವರೇ ನನ್ನ 'ವಿಚಾರಿಸುವುದು' ಎಂಬುದನ್ನು ಬರೆದುಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅಕ್ಕನ ವಿಷಯಕ್ಕೆ ಬಂದೊಡನೆ ಅವರು ನನ್ನ ಹಾಳೆಯ ಮೇಲೆ ಬೆರಳಿಟ್ಟರು.

"ಈ 'ಸರ್ವಾನುಮತದಿಂದ' ಅನ್ನೋದು ಅಲ್ಲೇ ಬರದದ್ದೋ, ಮನಿಗೆ ಹೋಗಿ ಬರದದ್ದೋ?"

ಶಾಯಿ ಬೇರೆಯಾಗಿತ್ತು. ಮನೆಗೆ ಹೋಗಿ ಬರೆದದ್ದೇ. ಆದರೆ ಯಾರೂ ಬೇಡ ಎನ್ನಲಿಲ್ಲವಲ್ಲ, ಸರ್ವಾನುಮತ ಅಂದರೆ ಇನ್ನೇನು ಎಂದು ವಾದ ಮಾಡಿದೆ. ಅವರು ಮೂರನೆಯ ಹಾಳೆಯಲ್ಲಿ "ಈ ಪದ ನಂತರ ಸೇರಿದ್ದು" ಎಂದು ಬರೆದರು. ನನ್ನನ್ನು ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಕೂಡಿಸಿಬಿಟ್ಟರಲ್ಲ ಎಂದು ಸಿಟ್ಟು ಬಂತು.

ಆದರೆ ಸಿಟ್ಟಿಗಿಂತ ಹೆಚ್ಚಾಗಿದ್ದದ್ದು ಗಲಿಬಿಲಿ. ಅವರು ಸುಳ್ಳು ಬರೆಯುವವರಲ್ಲ, ಅದು ನನಗೆ ಗೊತ್ತು. ನಾನೂ ಬರೆದಿರಲಿಲ್ಲ. ಪಂಚಾಯ್ತಿ ಮೆಂಬರರು ತಡವಾಗಿ ಬಂದು ಕುರ್ಚಿ ಎಳೆದುಕೊಂಡು, "ಅಡಿಗಿ ಯಕ್ಕಂದು ಏನು ಮಾಡಿದ್ರಿ?" ಎಂದು ಕೇಳಿದ್ದು, ಎಲ್ಲರೂ "ಆಕಿನ್ನ ಬಿಟ್ಟು ಇನ್ಯಾರ್ನ ತಗಂತೀರಿ" ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಹೆಡ್ ಮಾಸ್ಟರನ್ನು ಕೇಳಿದರೆ, ಮೆಂಬರರು ಸಭೆಗೆ ಬಂದೇ ಇರಲಿಲ್ಲ, ತಿನ್ನುವ ಹೊತ್ತಿಗೆ ಬಂದರು ಎಂದರು. ಆಗ ನೀವೆಲ್ಲಿ ಕೂತಿದ್ದಿರಿ ಎಂದು ಅವರು, ನೀವೆಲ್ಲಿ ಕೂತಿದ್ದಿರಿ ಎಂದು ನಾನು. ಕೇಳಿ ಕೇಳಿ, ಮೆಂಬರರು ಎಳೆದ ಕುರ್ಚಿ ಕೆಂಪೋ ನೀಲಿಯೋ ಎಂಬುದರಲ್ಲೂ ನನಗೆ ಅನುಮಾನ ಶುರುವಾಯಿತು. ನಾನು ಬಯಸಿದ್ದನ್ನೇ ಕೇಳಿಸಿಕೊಂಡೆನೇ ಎಂಬ ಭಯವೂ ಹುಟ್ಟಿತು.

ಇಬ್ಬರ ಹಾಳೆಯಲ್ಲೂ ಇದ್ದದ್ದು ಒಂದೇ, ವಂದನಾರ್ಪಣೆ. ಅದನ್ನು ಮಾಡಿದವರು ನಮ್ಮ ಸಮಿತಿಯ ಹಿರಿಯ ಸದಸ್ಯರೊಬ್ಬರು. ಅವರ ವಂದನಾರ್ಪಣೆ ಮುಗಿಯದೆ ನಮ್ಮೂರಲ್ಲಿ ಯಾವ ಸಭೆಗೂ ಮಂಡಕ್ಕಿ, ಮಿರ್ಚಿ ಬಜ್ಜಿ ಬರುವುದಿಲ್ಲ. ಹೆಡ್ ಮಾಸ್ಟರು ಫೋನಿನ ಸ್ಪೀಕರ್ ಹಾಕಿ ಅವರನ್ನು ಕೇಳಿದರು. ಉತ್ತರ ಇಂಥದು ಎಂದು ಸೂಚನೆ ಕೊಡದೆ, "ಅವತ್ತು ವಂದನಾರ್ಪಣಿ ಯಾವಾಗ ಮಾಡಿದ್ರಿ?" ಎಂದಷ್ಟೇ ಕೇಳಿದ್ದನ್ನು ನಾನು ಗಮನಿಸಿದೆ.

"ಯಾವ್ದು ಕೇಳಾಕತ್ತೀರಿ? ಮೊದ್ಲಿಂದೋ ಎರಡ್ನೇದೋ?" ಎಂದಿತು ಫೋನು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಎರಡು ಸಲ ಮಾಡಿದ್ರಾ?" ಎಂದು ನಾನೇ ಕೂಗಿದೆ.

"ಮತ್ತೇನ್ರಿ ಮೇಡಂ! ಮುಗುಸಿ ಕುಂತಿದ್ದೆ. ಮೆಂಬರ್ರು ಬಂದ್ರು. ಅವರ ಹೆಸರು ಬಿಟ್ಟು ವಂದನಿ ಮಾಡಿದ್ರ ಸಿಟ್ಟಾಗಲ್ಲೇನು? ಮತ್ತ ಎಲ್ರನ್ನೂ ಕುಂದ್ರಿಸಿ, ಮಾತಾಡಿ, ಇನ್ನೊಂದ್ ಸಲ ಮಾಡಿದ್ವಿ."

ಆಮೇಲೆ ಎಲ್ಲ ಒಂದೊಂದಾಗಿ ಜಾಗಕ್ಕೆ ಬಂದು ಕೂತಿತು. ಮೊದಲ ವಂದನಾರ್ಪಣೆಯ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿದ್ದೆ, ಇನ್ನು ಮಿರ್ಚಿ ಬಿಡಬಹುದು ಎಂದು ಅಕ್ಕನಿಗೆ ಹೇಳಲು. ವಾಪಸು ಬಂದಾಗ ಜನ ಕೂತೇ ಇದ್ದರು, ಮೆಂಬರರು ಆಗಷ್ಟೇ ಕುರ್ಚಿ ಎಳೆದುಕೊಳ್ಳುತ್ತಿದ್ದರು, ಯಾರು ಎದ್ದುಹೋಗಿದ್ದಾರೆಂದು ನೋಡದೆ ನಾನು ಬರೆಯುತ್ತ ಹೋದೆ. ಹೆಡ್ ಮಾಸ್ಟರು ಮೊದಲ ವಂದನಾರ್ಪಣೆಗೇ ಪೆನ್ನು ಮುಚ್ಚಿ, ತಮ್ಮೂರಿನ ಇಬ್ಬರು ಸದಸ್ಯರನ್ನು ಬಸ್ಸು ಹತ್ತಿಸಲು ರಸ್ತೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಎರಡನೆಯದೂ ಮುಗಿದು ತಟ್ಟೆಗಳು ಬಂದಿದ್ದವು. ಇಬ್ಬರ ಹಾಳೆಯೂ ಸರಿಯಾಗಿಯೇ ಇತ್ತು.

"ಹಂಗಾದ್ರ ಬರೀರಿ ಸರ್, ಅಕ್ಕನ್ನ ತಗಂಡಾರಂತ" ಎಂದೆ.

ಅವರು ಬರೆಯಲಿಲ್ಲ. ಬಸ್ಸು ಹತ್ತಿದ ಆ ಇಬ್ಬರೇ ಅಕ್ಕನ ಬದಲು ತಮ್ಮೂರಿನ ಹೆಂಗಸಿಗೆ ಕೆಲಸ ಸಿಗಲಿ ಎಂದು ಓಡಾಡುತ್ತಿದ್ದವರು. ಸಭೆ ಮುಗಿಯಿತು ಎಂದು ಹೇಳಿ ಅವರನ್ನು ಕಳಿಸಿ, ಆಮೇಲೆ ಸರ್ವಾನುಮತ ಎಂದರೆ ಅವರು ಸುಮ್ಮನಿರುತ್ತಾರೆಯೇ? ಮೇಲಿನ ಕಚೇರಿಗೆ ಒಂದು ತಕರಾರು ಅರ್ಜಿ ಹೋದರೆ ನಡವಳಿಯೇ ಬಿದ್ದುಹೋಗುತ್ತದೆ, ಜೊತೆಗೆ ಅಕ್ಕನ ಕೆಲಸವೂ. ಹಾಗೆಂದು ಏನೂ ನಡೆಯಲಿಲ್ಲ ಎಂದು ಬರೆದರೆ ಅದೂ ಸುಳ್ಳೇ. ನಾನು ಎರಡೂ ಕಡೆ ಯೋಚಿಸಿ ತಲೆ ಕೆಡಿಸಿಕೊಂಡೆ. ಕೊನೆಗೆ ಅವರು ಒಂದು ಸಾಲು ಹೇಳಿ, ನಾನೊಂದು ಸಾಲು ತಿದ್ದಿ, ಹೀಗೆ ನಿಂತಿತು: "ವಂದನಾರ್ಪಣೆಯಾಗಿ ಇಬ್ಬರು ಸದಸ್ಯರು ತೆರಳಿದ ನಂತರ, ಉಳಿದವರು ಅಡುಗೆಯವರ ವಿಷಯ ಮಾತಾಡಿ, ಈಗಿರುವವರನ್ನೇ ತೆಗೆದುಕೊಳ್ಳಲು ಒಪ್ಪಿಗೆ ತಿಳಿಸಿದರು. ಇದನ್ನು ಸಭೆಯ ತೀರ್ಮಾನವೆಂದು ದಾಖಲಿಸಿಲ್ಲ. ಮುಂದಿನ ಜಂಟಿ ಸಭೆಯಲ್ಲಿ ಮೊದಲ ವಿಷಯವಾಗಿ ಮಂಡಿಸುವುದು." ಕರಡನ್ನು ಎಲ್ಲ ಸದಸ್ಯರಿಗೂ, ಬಸ್ಸು ಹತ್ತಿದವರಿಗೂ ಕಳಿಸುವುದೆಂದಾಯಿತು. ಅಷ್ಟರಲ್ಲಿ ಗಾಡಿ ಬಂತು, ಅವರು ಹತ್ತಿ ಹೋದರು.

ಮಾರನೆಯ ದಿನ ಅಕ್ಕ ಸೊಪ್ಪು ಸೋಸುತ್ತ, ಏನಾಯಿತೆಂದು ಕೇಳಿದಳು. ನಾನು ಕರಡು ಓದಿ ಹೇಳಿದೆ. ಸಭೆಯ ದಿನ ಅವಳ ವಿಷಯ ಮಾತಾಡುವಾಗ ಅವಳು ಒಳಗೆ ಒಲೆಯ ಮುಂದಿದ್ದಳು ಎಂಬುದು ಓದುವಾಗ ನೆನಪಾಯಿತು.

"ಅಂದ್ರ ನನ್ನ ಕೆಲ್ಸ ಇನ್ನೂ ಆಗಿಲ್ಲ" ಎಂದಳು.

"ಆಗ್ತೈತಿ ಅಕ್ಕ. ಮುಂದಿನ ಸಭಿಯಾಗ."

"ಹೂಂ ಅಂದು ಮಾತು ಕೊಟ್ಟು, ನಾ ಕರದ ಮಿರ್ಚಿ ತಿಂದು ಹೋದ್ರಲ್ರಿ ಮೇಡಂ. ಅದ್ಕ ಬೆಲಿ ಇಲ್ಲೇನು?"

ಕರಡು ಸರಿಯಾಗಿದೆ ಎಂದು ಗೊತ್ತಿತ್ತು, ಆದರೂ ಅವಳ ಮುಂದೆ ಅದನ್ನು ಹಿಡಿದುಕೊಂಡು ನಿಲ್ಲಲು ಸಂಕಟವಾಯಿತು. ಹೆಡ್ ಮಾಸ್ಟರ ಮೇಲೆ ಇನ್ನೊಮ್ಮೆ ಸಿಟ್ಟು ಬಂತು. ಅವರ ತಪ್ಪೇನು ಎಂದು ಕೇಳಿದರೆ ಮಾತ್ರ ಹೇಳಲಾಗುತ್ತಿರಲಿಲ್ಲ.

ಬೇವಿನ ಮರದಡಿಯ ಮುಂದಿನ ಸಭೆಗೆ, ಬಸ್ಸು ಹತ್ತಿದ್ದ ಆ ಇಬ್ಬರೂ ಎಲ್ಲರಿಗಿಂತ ಮೊದಲೇ ಬಂದರು. ಮೊದಲು ಹಿಂದಿನ ನಡವಳಿ ಓದಿದೆವು. ಅವರಲ್ಲಿ ದೊಡ್ಡವರು ಕೈ ಎತ್ತಿದರು. ಶುರುವಾಯಿತು ಎಂದುಕೊಂಡೆ.

"ಬಸ್ಸಿಗೆ ಹೊತ್ತಾತು ಅಂತ ಹೋದ್ವಿ ಅಂತ ಬರೀರಿ. ಬರೇ 'ತೆರಳಿದರು' ಅಂದ್ರ ಸಿಟ್ ಮಾಡ್ಕೆಂಡು ಎದ್ದು ಹೋದಂಗ ಕಾಣ್ತೈತಿ" ಎಂದರು.

ಬರೆದೆವು. ಬರೆದುಕೊಂಡಿದ್ದ ನಾವಿಬ್ಬರೂ ತಿದ್ದುಪಡಿಯ ಪಕ್ಕ ಕಿರುಸಹಿ ಹಾಕಿದೆವು, ಇಬ್ಬರೂ ಅಧ್ಯಕ್ಷರು ನಡವಳಿಗೆ ಸಹಿ ಮಾಡಿದರು. ಅಕ್ಕನ ವಿಷಯ ಬಂದಾಗ ಕೈ ಎತ್ತಿದ್ದ ಅವರೇ ತಮ್ಮೂರಿನ ಹೆಂಗಸಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿದರು. ಉಳಿದವರು ಅಕ್ಕ ಎಂದರು. ಅವರ ಜೊತೆಗಾರರು ಕೂಡ, ತಮ್ಮನ್ನು ಬಿಟ್ಟು ಮುಚ್ಚಿಟ್ಟು ಮಾಡಿಲ್ಲವಲ್ಲ ಎಂದು ಅಕ್ಕನ ಕಡೆಗೇ ಬಂದರು. ಒಬ್ಬರ ವಿರೋಧದೊಂದಿಗೆ ಒಪ್ಪಿಗೆಯಾಯಿತು. ಈ ಸಲ ನಾನು ಸರ್ವಾನುಮತ ಎಂದು ಬರೆಯಲಿಲ್ಲ.

ನಮ್ಮ ಅಧ್ಯಕ್ಷರು ಕೈ ಕೊಡವಿ ಎದ್ದರು. "ಆತಲ್ಲ, ವಂದನಾರ್ಪಣಿ ಮಾಡ್ರಿ. ಅಕ್ಕಾ, ಮಿರ್ಚಿ ತಗಂಬಾ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈ ತುಂಬ ಕಡಲೆಹಿಟ್ಟು.

"ಎಣ್ಣಿ ಕಾದೈತಿ, ಹಿಟ್ಟೂ ಕಲಸೀನಿ. ಮೊದ್ಲು ಇಬ್ರೂ ಬರದಿದ್ದು ಓದಿ ಹೇಳ್ರಿ. ಒಂದೇ ಇದ್ರ ಮಿರ್ಚಿ ಬಿಡ್ತೀನಿ."

ಯಾರೂ ನಗಲಿಲ್ಲ. ಅಧ್ಯಕ್ಷರು ಮತ್ತೆ ಕೂತರು. ನಾನು ನನ್ನದನ್ನು ಓದಿದೆ, ಹೆಡ್ ಮಾಸ್ಟರು ಕನ್ನಡಕ ಒರೆಸಿಕೊಂಡು ತಮ್ಮದನ್ನು ಓದಿದರು. ಅಕ್ಕ ಎರಡನ್ನೂ ತಲೆ ಬಗ್ಗಿಸಿ ಕೇಳಿಸಿಕೊಂಡು ಒಳಗೆ ಹೋದಳು. ನಾವೆಲ್ಲ ಕೂತಲ್ಲೇ, ಮೊದಲ ಮಿರ್ಚಿ ಎಣ್ಣೆಗೆ ಬಿದ್ದ ಸದ್ದು ಕೇಳಿಸಿಕೊಂಡೆವು.