ಬುಧವಾರ ಅಂದರೆ ಶುಕ್ರವಾರ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ದಿನದ ಲೆಕ್ಕ ಹೇಳುವವರನ್ನಂತೂ ಮೊದಲೇ ನಂಬುವುದಿಲ್ಲ. ತೆಲಸಂಗದ ಕಡೆ ನಮ್ಮದೊಂದು ಎಕರೆ ದ್ರಾಕ್ಷಿ ತೋಟವಿದೆ. ಒಣದ್ರಾಕ್ಷಿ ಮಾಡುತ್ತೇವೆ. ಒಣಗಿಸುವ ಶೆಡ್ಡು ಮಾತ್ರ ನಮ್ಮದಲ್ಲ, ಪಕ್ಕದ ಹೊಲದವರದು. ಅವರು ನಮಗೆ ಬಿಟ್ಟುಕೊಟ್ಟ ದಿನಗಳೊಳಗೆ ಹಣ್ಣು ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಬಲೆಯ ರ‍್ಯಾಕಿನ ಮೇಲೆ ಹರಡಿ ಮುಗಿಸಬೇಕು. ತಪ್ಪಿದರೆ ಖಾಲಿ ಉಳಿದ ರ‍್ಯಾಕು ಮುಂದಿನವರ ಪಾಲು.

ಕೊಯ್ಯುವುದು ಹನ್ನೆರಡು ಹೆಣ್ಣಾಳುಗಳ ಒಂದು ತಂಡ. ಅದರ ಯಜಮಾನಿಯನ್ನು ಎಲ್ಲರೂ ಮಾವಶಿ ಎನ್ನುತ್ತಾರೆ. ಮೊದಲ ವರ್ಷ ಅವಳು, "ಮೂರ ದಿನದ ಕೆಲಸ ಐತ್ರಿ ಅಕ್ಕಾರ" ಅಂದಳು. ಹಿಡಿದದ್ದು ಐದು ದಿನ. ನನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದು ಮರುವರ್ಷ ನೋಟ್‌ಬುಕ್ಕು ಹಿಡಿದು ಬದುವಿನ ಮೇಲೆ ಕೂತೆ. ಅವಳ ಕೈ ನಿಧಾನವಿರಲಿಲ್ಲ. ಇಬ್ಬನಿ ಆರುವ ತನಕ ಗೊಂಚಲು ಮುಟ್ಟುವಂತಿಲ್ಲ. ಅದ್ದುವ ತೊಟ್ಟಿ ಒಂದೇ ಇದ್ದದ್ದರಿಂದ ಕ್ರೇಟುಗಳು ಸಾಲು ನಿಂತು ಕತ್ತರಿ ಸುಮ್ಮನಾಗುತ್ತಿದ್ದವು. ಮಧ್ಯಾಹ್ನ ಕರೆಂಟು ಹೋಗಿ ತೊಟ್ಟಿಗೆ ನೀರು ನಿಲ್ಲುತ್ತಿತ್ತು. ಒಬ್ಬಳಿಗೆ ಜ್ವರ, ಇನ್ನೊಬ್ಬಳ ಮನೆಯಲ್ಲಿ ಸೀಮಂತ. ಮಾವಶಿ ಲೆಕ್ಕ ಹಾಕಿದ್ದು ಕತ್ತರಿ ಆಡುವ ಹೊತ್ತನ್ನು ಮಾತ್ರ. ಆ ಸಲವೂ ಐದೇ ದಿನ ಹಿಡಿಯಿತು.

ಇಷ್ಟು ತಿಳಿದ ಮೇಲೆ ಅವಳನ್ನು ಕೂರಿಸಿಕೊಂಡು ಐದು ದಿನ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಏಳು ಮಾಡುತ್ತಾಳೆ ಎಂಬ ಗುಮಾನಿ. ಅದಕ್ಕೇ ಎರಡು ದಿನ ಬಚ್ಚಿಟ್ಟೆ. ಶೆಡ್ಡು ಶುಕ್ರವಾರದ ತನಕ ಸಿಕ್ಕಿದ್ದರೆ, "ಬುಧವಾರಕ್ಕ ಮುಗಸಬೇಕ ಮಾವಶಿ" ಎನ್ನುತ್ತಿದ್ದೆ. ಎರಡು ವರ್ಷ ಕೆಲಸ ಸಲೀಸಾಗಿ ಮುಗಿಯಿತು. ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಅಂದುಕೊಂಡೆ.

ಹೋದ ವರ್ಷ ಶೆಡ್ಡಿನವರು, "ಈ ಸಲ ಬುಧವಾರನ ಕಡೀದು ನೋಡ್ರಿ ವೈನಿ" ಅಂದರು. ಶೆಡ್ಡು ಸಿಗುವುದು ಶುಕ್ರವಾರದಿಂದ, ಒಟ್ಟು ಆರೇ ದಿನ; ಬಚ್ಚಿಡಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. ಮಾವಶಿಗೆ ಫೋನ್ ಮಾಡಿ ಮೊದಲ ಸಲ ಇದ್ದದ್ದನ್ನೇ ಹೇಳಿದೆ: ಶುಕ್ರವಾರ ಬಾ, ಬುಧವಾರ ಕಡೆಯ ದಿನ. ಐದು ದಿನ ಕೆಲಸ, ಒಂದು ದಿನ ಕೈಯಲ್ಲಿ. "ಆತ್ರಿ" ಅಂದಳು. ಬಂದದ್ದು ಭಾನುವಾರ!

ಬೇರೆ ತೋಟದವರು ಏನೋ ಆಸೆ ತೋರಿಸಿರಬೇಕು ಎಂದು ನನ್ನ ತಲೆ ಓಡಿತು. ಬಾಯಿಗೆ ಬಂದಂತೆ ಬೈದೆ. ಅವಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾ ತಣ್ಣಗೆ ಹೇಳಿದಳು: "ನಿಮ್ಮ ಬುಧವಾರ ಅಂದ್ರ ಶುಕ್ರವಾರ ಅಂತ ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತೈತ್ರಿ. ಗುರುವಾರಕ್ಕ ಮುಗಸ್ತೀನಿ, ಮ್ಯಾಲ ಒಂದ ದಿನಾ ಉಳೀತೈತಿ." ನಾನು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೆ ತೂರಿದ್ದಳು. "ಈ ಸಲ ಖರೇನ ಬುಧವಾರ ಬೇ!" ಎಂದು ಕೂಗಿದೆ. ಅವಳು ನಕ್ಕಳು. ಅದರ ಹಿಂದಿನ ವರ್ಷವೂ ನಾನು ಹೀಗೇ ಆಣೆ ಮಾಡಿದ್ದೆನಂತೆ.

ಬುಧವಾರ ಸಂಜೆ ಐದರಲ್ಲಿ ಒಂದು ಪಾಲು ಹಣ್ಣು ಬಳ್ಳಿಯಲ್ಲೇ ಇತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ. ಹಸಿ ಹಣ್ಣು ಕೊಳ್ಳುವ ವ್ಯಾಪಾರಿಗೆ ಹೇಳಿ ಕಳಿಸಿ ಅವನು ಕೇಳಿದ ದರಕ್ಕೆ ಒಪ್ಪಿಕೊಂಡೆ. ಗುರುವಾರ ಅದೇ ಹೆಂಗಸರು ಅದೇ ಹಣ್ಣನ್ನು ಕೊಯ್ದು ಅವನ ಟೆಂಪೋಗೆ ತುಂಬಿದರು. ವರ್ಷವಿಡೀ ಸಾಕಿದ ಹಣ್ಣು, ನನಗೆ ಅಳು ಬಂತು. ಮಾವಶಿಯ ಮುಖ ನೋಡಲಿಲ್ಲ.

ಶುಕ್ರವಾರ ಸಂಜೆ ನಮ್ಮ ಕ್ರೇಟು ತರಲು ಶೆಡ್ಡಿಗೆ ಹೋದೆ. ರ‍್ಯಾಕಿನಲ್ಲಿ ನಮ್ಮ ಹಣ್ಣಿನ ಮೇಲಿನ ಅಂತಸ್ತು ಇನ್ನೂ ಖಾಲಿ ಇತ್ತು. ಮುಂದಿನವರ ಹಣ್ಣು ಬಂದಿಲ್ಲವೇ ಎಂದು ಕೇಳಿದೆ. "ಅವರದ ನಾಳೆ ಬರತೈತ್ರಿ" ಅಂದರು ಶೆಡ್ಡಿನವರು. "ಮತ್ತ ಬುಧವಾರ ಅಂದಿದ್ರಿ?" ಅಂದೆ.

ಅವರು ಸ್ವಲ್ಪ ಸಂಕೋಚದಿಂದ ಹೇಳಿದರು: "ನಿಮಗ ಯಾವಾಗ್ಲೂ ಎರಡ ದಿನಾ ಮೊದಲಿನ ತಾರೀಖ ಹೇಳತೀನ್ರಿ ವೈನಿ. ಹೇಳಿದ ದಿನಕ್ಕ ನೀವು ಮುಗಸ್ತೀರಿ ಅಂತ ಯಾರ ನಂಬ್ಯಾರ?"

ಹೋಗಿ ಮಾವಶಿಗೆ ಎಲ್ಲ ಹೇಳಿದೆ. ಅವಳ ಗುರುವಾರದ ಲೆಕ್ಕವೇ ಸರಿಯಿತ್ತು, ಹಣ್ಣು ಕಳೆದದ್ದು ನಾನು. ತಪ್ಪಾಯಿತು ಅಂದೆ. ಈ ವರ್ಷದ ಕೊಯ್ಲಿಗೆ ಮೊದಲು ಅವಳ ಮನೆ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕು ಬಿಚ್ಚಿ ಇಬ್ಬನಿ, ತೊಟ್ಟಿ, ಕರೆಂಟು ಒಂದೊಂದೇ ಓದಿ ಹೇಳಿದೆ. "ಕೆಲಸಕ್ಕ ಐದ ದಿನಾ, ಅಡಚಣಿಗೆ ಒಂದ. ಆ ಒಂದ ದಿನಾ ನಿನಗೂ ಗೊತ್ತಿರಲಿ, ನನಗೂ ಗೊತ್ತಿರಲಿ. ಒಟ್ಟ ಆರು."

ಮಾವಶಿ ಬೆರಳು ಮಡಚಿ ಎಣಿಸಿದಳು.

"ಅಂದ್ರ ಎಂಟ ಹೌದಲ್ರಿ?" ಅಂದಳು.